ಲಕ್ಷ ಚೀಲದ ಕೋಲ್ಡ್ ಸ್ಟೋರೇಜ್: ಕಟ್ಟಬೇಕೇ, ಬಿಡಬೇಕೇ?

ಸಾಲಕ್ಕೆಂದು ಬ್ಯಾಂಕಿಗೆ ಹೋಗುವ ಯಾವ ಪ್ರಾಜೆಕ್ಟ್ ರಿಪೋರ್ಟ್ ತೆರೆದರೂ ಕೊನೆಯ ಪುಟದಲ್ಲಿ ಲಾಭವೇ ಕಾಣುತ್ತದೆ. ನಷ್ಟ ತೋರಿಸುವ ರಿಪೋರ್ಟಿಗೆ ಸಾಲ ಹುಟ್ಟುವುದಿಲ್ಲ, ಆದ್ದರಿಂದ ಅಂಥದ್ದನ್ನು ಯಾರೂ ಬರೆಸುವುದಿಲ್ಲ. ಆ ಲಾಭದಲ್ಲಿ ಸುಳ್ಳಿರಬೇಕೆಂದೇನಿಲ್ಲ. ತೊಂದರೆ ಏನೆಂದರೆ, ಹತ್ತು ವರ್ಷದ ವ್ಯವಹಾರವನ್ನು ಅಲ್ಲಿ ಒಂದೇ ಊಹೆಯ ಮೇಲೆ ನಿಲ್ಲಿಸಿರುತ್ತಾರೆ: ಇಷ್ಟು ಗಿರಾಕಿ ಬರುತ್ತಾರೆ, ಇಷ್ಟು ದರ ಸಿಗುತ್ತದೆ, ಇಷ್ಟು ಖರ್ಚಾಗುತ್ತದೆ. ಊಹೆ ತಪ್ಪಿದರೆ ಎಷ್ಟು ಪೆಟ್ಟು ಬೀಳುತ್ತದೆ, ತಪ್ಪುವ ಸಂಭವ ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇರುವುದಿಲ್ಲ. ಆ ಉತ್ತರ ಪಡೆಯಲು ಹಣಕಾಸಿನವರು ಬಳಸುವ ವಿಧಾನವೇ ಸನ್ನಿವೇಶ ವಿಶ್ಲೇಷಣೆ. ಒಂದು ಉದಾಹರಣೆಯನ್ನು ಹಿಡಿದು ಅದನ್ನು ಕೊನೆಯವರೆಗೆ ಲೆಕ್ಕ ಹಾಕಿ ನೋಡೋಣ.

ಬ್ಯಾಡಗಿಯಲ್ಲಿ ಒಂದು ಯೋಜನೆ

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಈ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಬೇಸಿಗೆಯಲ್ಲಿ ಗೋದಾಮಿನಲ್ಲಿಟ್ಟರೆ ಬಣ್ಣ ಮಾಸುತ್ತದೆ, ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬರುತ್ತದೆ. ಹಾಗಾಗಿ ಸುಗ್ಗಿ ಮುಗಿದ ಮೇಲೆ ಮಾರದೆ ಉಳಿದ ಕಾಯಿ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ಸುತ್ತಲಿನ ತಾಲ್ಲೂಕುಗಳಷ್ಟೇ ಅಲ್ಲದೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಈ ಮಾರುಕಟ್ಟೆಗೆ ಆವಕ ಇದೆ.

ಇಲ್ಲೊಬ್ಬರು ಒಂದು ಲಕ್ಷ ಚೀಲ ಹಿಡಿಯುವ ಕೋಲ್ಡ್ ಸ್ಟೋರೇಜ್ ಕಟ್ಟಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮುಂದೆ ಬರುವ ಹಣದ ಅಂಕಿಗಳೆಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ಯಾವ ನಿಜವಾದ ಘಟಕದವೂ ಅಲ್ಲ. ಜಾಗ, ಕಟ್ಟಡ, ಇನ್ಸುಲೇಶನ್, ಕಂಪ್ರೆಸರ್, ಜನರೇಟರ್ ಎಲ್ಲ ಸೇರಿ ಬಂಡವಾಳ 6 ಕೋಟಿ ರೂಪಾಯಿ. ಒಂದು ಚೀಲಕ್ಕೆ ಹಂಗಾಮಿನ ಬಾಡಿಗೆ 200 ರೂಪಾಯಿ. ನೂರಕ್ಕೆ 75 ಭಾಗ ತುಂಬಿದರೆ 75 ಸಾವಿರ ಚೀಲದಿಂದ ವರ್ಷಕ್ಕೆ ಒಂದೂವರೆ ಕೋಟಿ ಆದಾಯ. ಕರೆಂಟು, ಸಂಬಳ, ಹಮಾಲಿ, ವಿಮೆ, ರಿಪೇರಿಗೆ 38 ಲಕ್ಷ ಕಳೆದರೆ ಕೈಗುಳಿಯುವುದು 1 ಕೋಟಿ 12 ಲಕ್ಷ. ಲೆಕ್ಕ ಸರಳವಾಗಿರಲೆಂದು ಆದಾಯ ತೆರಿಗೆ, ಸಬ್ಸಿಡಿ, ಹತ್ತು ವರ್ಷದ ನಂತರ ಕಟ್ಟಡಕ್ಕೆ ಉಳಿಯುವ ಬೆಲೆ, ಇವನ್ನೆಲ್ಲ ಬದಿಗಿಟ್ಟಿದ್ದೇನೆ. ಬಾಡಿಗೆಯನ್ನೂ ಖರ್ಚನ್ನೂ ಹತ್ತು ವರ್ಷ ಏರಿಸಿಲ್ಲ.

ವರ್ಷಕ್ಕೆ 1.12 ಕೋಟಿಯಂತೆ ಹತ್ತು ವರ್ಷಕ್ಕೆ 11.2 ಕೋಟಿ. ಹಾಕಿದ್ದು ಆರು, ಬಂದದ್ದು ಹನ್ನೊಂದು ಎನ್ನುವ ಹಾಗಿಲ್ಲ, ಏಕೆಂದರೆ ಹತ್ತನೇ ವರ್ಷ ಬರುವ ರೂಪಾಯಿಗೆ ಇಂದಿನ ರೂಪಾಯಿಯ ಬೆಲೆ ಇಲ್ಲ. ಆರು ಕೋಟಿಯಲ್ಲಿ ಒಂದಷ್ಟು ಸಾಲ, ಅದಕ್ಕೆ ಬಡ್ಡಿ ಇದೆ. ಉಳಿದದ್ದು ಸ್ವಂತದ್ದು, ಅದನ್ನು ಬೇರೆ ಕಡೆ ಹಾಕಿದ್ದರೆ ಏನಾದರೂ ಹುಟ್ಟುತ್ತಿತ್ತು. ಎರಡನ್ನೂ ಸೇರಿಸಿ ವರ್ಷಕ್ಕೆ ನೂರಕ್ಕೆ 12 ದುಡಿಯಬೇಕಾದ ಹಣ ಇದು ಎಂದು ಹಿಡಿಯೋಣ. ಆಗ ಮುಂದಿನ ವರ್ಷದ 1.12 ಕೋಟಿಗೆ ಇಂದಿನ ಬೆಲೆ ಸರಿಯಾಗಿ 1 ಕೋಟಿ. ಎರಡನೇ ವರ್ಷದ್ದಕ್ಕೆ 89 ಲಕ್ಷ. ಹತ್ತನೇ ವರ್ಷದ್ದಕ್ಕೆ ಬರೀ 36 ಲಕ್ಷ. ಹತ್ತೂ ವರ್ಷದ್ದನ್ನು ಹೀಗೆ ಇಂದಿಗೆ ಇಳಿಸಿ ಕೂಡಿಸಿದರೆ 6 ಕೋಟಿ 33 ಲಕ್ಷವಾಗುತ್ತದೆ. ಅದರಲ್ಲಿ ಹಾಕಿದ 6 ಕೋಟಿ ಕಳೆದರೆ ಉಳಿಯುವ 33 ಲಕ್ಷವೇ ನಿವ್ವಳ ವರ್ತಮಾನ ಮೌಲ್ಯ, ರೂಢಿಯ ಮಾತಿನಲ್ಲಿ ಎನ್‌ಪಿವಿ. ಅದು ಸೊನ್ನೆಗಿಂತ ಮೇಲಿದ್ದರೆ ಹಣ ತನ್ನ ಶೇ 12ನ್ನು ದುಡಿದು ಇನ್ನೂ ಏನೋ ಉಳಿಸಿತು ಎಂದರ್ಥ.

ಪ್ರಾಜೆಕ್ಟ್ ರಿಪೋರ್ಟ್ ಇಲ್ಲಿಗೆ ನಿಲ್ಲುತ್ತದೆ. ಎನ್‌ಪಿವಿ 33 ಲಕ್ಷ, ಕಟ್ಟಬಹುದು.

ಮೂರು ಭವಿಷ್ಯಗಳು

ಈಗ 75 ಸಾವಿರ ಚೀಲ ಎಂಬ ಊಹೆಯನ್ನು ಕೆದಕೋಣ. ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಒಂದು ವರ್ಷ ಮಳೆ ಕೈಕೊಟ್ಟು ಆವಕ ಬೀಳುತ್ತದೆ, ಮತ್ತೊಂದು ವರ್ಷ ಬೆಳೆ ಉಕ್ಕುತ್ತದೆ. ಇಂಥ ಏರಿಳಿತ ಹತ್ತು ವರ್ಷದಲ್ಲಿ ಒಂದಕ್ಕೊಂದು ಸರಿಹೋಗುತ್ತದೆ, ಅದು ಪ್ರತಿ ಸನ್ನಿವೇಶದ ಒಳಗೇ ಇರುವಂಥದ್ದು. ‘ಕೆಟ್ಟ ಸನ್ನಿವೇಶ’ ಎಂದರೆ ಒಂದು ಕೆಟ್ಟ ವರ್ಷ ಎಂದುಕೊಳ್ಳಬಾರದು. ಹತ್ತು ವರ್ಷವೂ ಬೆನ್ನು ಬಿಡದ ಕಾರಣವೊಂದು ಅದರ ಹಿಂದೆ ಇರಬೇಕು. ಈ ವ್ಯವಹಾರದಲ್ಲಿ ಅಂಥ ಕಾರಣಗಳು ಮುಖ್ಯವಾಗಿ ಎರಡು: ಸುತ್ತಮುತ್ತ ಇನ್ನೆಷ್ಟು ಕೋಲ್ಡ್ ಸ್ಟೋರೇಜ್ ಏಳುತ್ತವೆ ಎಂಬುದು, ರೈತರು ಮೆಣಸಿನಕಾಯಿಯಲ್ಲೇ ಉಳಿಯುತ್ತಾರೋ ಗೋವಿನಜೋಳ, ಹತ್ತಿಯ ಕಡೆ ಹೊರಳುತ್ತಾರೋ ಎಂಬುದು.

ಮಧ್ಯಮ ಸನ್ನಿವೇಶ ಈಗಾಗಲೇ ನೋಡಿದ್ದು: ಬೆಳೆಯ ವಿಸ್ತೀರ್ಣ ಇದ್ದಂತೆಯೇ ಇರುತ್ತದೆ, ಪೈಪೋಟಿ ಇದ್ದರೂ ಹದವಾಗಿರುತ್ತದೆ. ಒಳ್ಳೆಯ ಸನ್ನಿವೇಶದಲ್ಲಿ ವಿಸ್ತೀರ್ಣ ಹೆಚ್ಚುತ್ತದೆ, ಹೊಸ ಘಟಕ ಹತ್ತಿರದಲ್ಲಿ ಬರುವುದಿಲ್ಲ. 95 ಸಾವಿರ ಚೀಲ ತುಂಬುತ್ತದೆ, ಜಾಗಕ್ಕೆ ಬೇಡಿಕೆ ಇರುವುದರಿಂದ ಬಾಡಿಗೆ 220ಕ್ಕೆ ಏರುತ್ತದೆ, ಹಮಾಲಿ ಮತ್ತು ಕರೆಂಟಿನ ಖರ್ಚೂ ಸ್ವಲ್ಪ ಏರುತ್ತದೆ.

ಕೆಟ್ಟ ಸನ್ನಿವೇಶ ಎಲ್ಲಿಂದ ಬರುತ್ತದೆ ಎಂಬುದನ್ನು ಗಮನಿಸಬೇಕು. ಕೇಂದ್ರ ಸರ್ಕಾರ 2020ರಲ್ಲಿ ತಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ನಮ್ಮವರಿಗೆ ಕೋಲ್ಡ್ ಸ್ಟೋರೇಜ್ ಕಟ್ಟುವ ಆಸೆ ಹುಟ್ಟಿಸಿದ ರಿಯಾಯಿತಿ ಪಕ್ಕದ ಊರಿನವರಿಗೂ ಅದೇ ಆಸೆ ಹುಟ್ಟಿಸುತ್ತದೆ. ಎರಡು ಮೂರು ಘಟಕ ಒಟ್ಟಿಗೆ ಎದ್ದರೆ ಚೀಲ ಹಂಚಿಹೋಗುತ್ತವೆ. ಖಾಲಿ ಚೇಂಬರ್ ಇಟ್ಟುಕೊಂಡವರು ಗಿರಾಕಿ ಹಿಡಿಯಲು ಬಾಡಿಗೆ ಇಳಿಸುತ್ತಾರೆ. ಹೀಗೆ ತುಂಬುವ ಪ್ರಮಾಣವೂ ದರವೂ ಒಟ್ಟಿಗೇ ಬೀಳುತ್ತವೆ. 50 ಸಾವಿರ ಚೀಲ, 170 ರೂಪಾಯಿ. ಖರ್ಚು ಮಾತ್ರ ಹೆಚ್ಚು ಇಳಿಯುವುದಿಲ್ಲ, ಅರ್ಧ ತುಂಬಿದ ಕಟ್ಟಡವನ್ನೂ ಪೂರ್ತಿ ತಣ್ಣಗಿಡಬೇಕು.

| ಸನ್ನಿವೇಶ | ಚೀಲ | ಬಾಡಿಗೆ (₹) | ವರ್ಷದ ಆದಾಯ (ಲಕ್ಷ) | ಖರ್ಚು (ಲಕ್ಷ) | ಉಳಿಕೆ (ಲಕ್ಷ) | ಎನ್‌ಪಿವಿ (ಲಕ್ಷ) |
|---|---|---|---|---|---|---|
| ಒಳ್ಳೆಯದು | 95,000 | 220 | 209 | 44 | 165 | +332 |
| ಮಧ್ಯಮ | 75,000 | 200 | 150 | 38 | 112 | +33 |
| ಕೆಟ್ಟದ್ದು | 50,000 | 170 | 85 | 36 | 49 | −323 |

ಮಧ್ಯಮದಿಂದ ಒಳ್ಳೆಯದಕ್ಕೆ ಏರಿದರೆ ಸಿಗುವ ಲಾಭ 3 ಕೋಟಿ. ಮಧ್ಯಮದಿಂದ ಕೆಟ್ಟದ್ದಕ್ಕೆ ಬಿದ್ದರೆ ಆಗುವ ಪೆಟ್ಟು 3 ಕೋಟಿ 56 ಲಕ್ಷ. ಕಟ್ಟಡ ತುಂಬಿದ ಮೇಲೆ ಮತ್ತೆ ತುಂಬುವುದಿಲ್ಲ, ಖಾಲಿಯಾಗಲು ಮಾತ್ರ ಬೇಕಾದಷ್ಟು ಜಾಗವಿದೆ. ಸಾಮರ್ಥ್ಯಕ್ಕೆ ಮಿತಿ ಇರುವ ಹೋಟೆಲು, ಕಲ್ಯಾಣ ಮಂಟಪ, ಶಾಲೆಯಂಥ ವ್ಯವಹಾರಗಳಲ್ಲೆಲ್ಲ ಈ ವಾಲುವಿಕೆ ಇರುತ್ತದೆ, ಒಂದೇ ಊಹೆಯ ಲೆಕ್ಕದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಎಡವಟ್ಟು ಇಲ್ಲಿ ಸುಲಭವಾಗಿ ಆಗುತ್ತದೆ. ಮೆಣಸಿನಕಾಯಿಗೆ ದರ ಬಂದ ವರ್ಷವನ್ನು ‘ಒಳ್ಳೆಯ’ ಸನ್ನಿವೇಶಕ್ಕೂ ದರ ಬಿದ್ದ ವರ್ಷವನ್ನು ‘ಕೆಟ್ಟ’ ಸನ್ನಿವೇಶಕ್ಕೂ ಸೇರಿಸಿಬಿಡುತ್ತಾರೆ. ಅದು ರೈತನ ಲೆಕ್ಕ. 2024ರ ಮಾರ್ಚ್‌ನಲ್ಲಿ ದರ ಕುಸಿದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಸುದ್ದಿಯಾಗಿತ್ತು. ದರ ಬಿದ್ದಾಗ ಕಾಯುವ ಶಕ್ತಿ ಇರುವವರು ಮಾಲನ್ನು ಮಾರದೆ ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ದರ ಚೆನ್ನಾಗಿದ್ದರೆ ಅಂಗಳದಲ್ಲೇ ಮಾರಿ ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ರೈತನಿಗೆ ಕೆಟ್ಟದ್ದು ಕೋಲ್ಡ್ ಸ್ಟೋರೇಜಿನ ಮಾಲೀಕನಿಗೆ ಒಳ್ಳೆಯದಾಗಿರಬಹುದು. ಸನ್ನಿವೇಶ ಕಟ್ಟುವಾಗ ಕೆಟ್ಟ ಸುದ್ದಿಗಳನ್ನೆಲ್ಲ ಒಂದು ಕಂಬಕ್ಕೆ ತುರುಕಿದರೆ ಎಂದೂ ಒಟ್ಟಿಗೆ ನಡೆಯದ ಸಂಗತಿಗಳು ಒಟ್ಟಿಗೆ ಕೂತುಬಿಡುತ್ತವೆ. ಪ್ರತಿ ಸನ್ನಿವೇಶವನ್ನೂ ನಾಲ್ಕು ವಾಕ್ಯದ ಕಥೆಯಾಗಿ ಬರೆದು, ಕಥೆ ನಂಬುವ ಹಾಗಿದೆಯೇ ಎಂದು ನೋಡಿ, ಆಮೇಲೆ ಅಂಕಿ ತುಂಬಬೇಕು.

ತೂಕ ಹಾಕಿದಾಗ

ಮೂರು ಎನ್‌ಪಿವಿ ಸಿಕ್ಕವು. ಮೂರಕ್ಕೂ ಸಮಾನ ಸಂಭವ ಇಲ್ಲ. ಆದ್ದರಿಂದ ಒಂದೊಂದನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸುತ್ತಾರೆ. ಒಳ್ಳೆಯದಕ್ಕೆ ಶೇ 20, ಮಧ್ಯಮಕ್ಕೆ ಶೇ 50, ಕೆಟ್ಟದ್ದಕ್ಕೆ ಶೇ 30 ಎಂದು ಹಿಡಿಯೋಣ. ಮೂರೂ ಸೇರಿ ನೂರಾಗಲೇಬೇಕು.

332 ಲಕ್ಷದ ಶೇ 20 ಎಂದರೆ 66.4. 33 ಲಕ್ಷದ ಶೇ 50 ಎಂದರೆ 16.5. ನಷ್ಟದ 323 ಲಕ್ಷದಲ್ಲಿ ಶೇ 30 ಎಂದರೆ 96.9. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ಬರುವುದು 14 ಲಕ್ಷ ನಷ್ಟ.

ಮಧ್ಯಮ ಸನ್ನಿವೇಶ 33 ಲಕ್ಷ ಲಾಭ ಹೇಳಿತ್ತು. ನಿರೀಕ್ಷಿತ ಎನ್‌ಪಿವಿ 14 ಲಕ್ಷ ನಷ್ಟ ಹೇಳುತ್ತಿದೆ. ಎರಡೂ ಒಂದೇ ಯೋಜನೆಯ ಲೆಕ್ಕಗಳೇ. ಹೆಚ್ಚು ಸಂಭವವಿರುವ ಫಲಿತಾಂಶ ಬೇರೆ, ಎಲ್ಲ ಸಂಭವಗಳ ಸರಾಸರಿ ಬೇರೆ. ಕೆಳಗಿನ ಪ್ರಪಾತ ಮೇಲಿನ ದಿಬ್ಬಕ್ಕಿಂತ ಆಳವಾಗಿದ್ದರೆ, ಅದಕ್ಕೆ ಬೀಳುವ ಸಂಭವವೂ ಹೆಚ್ಚಿದ್ದರೆ, ಸರಾಸರಿ ಯಾವಾಗಲೂ ಮಧ್ಯಮಕ್ಕಿಂತ ಕೆಳಗೇ ಇರುತ್ತದೆ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಎರಡು ಸಾಲು ಸಾಕು. C2ರಲ್ಲಿ ಬಂಡವಾಳ −600, C3ರಿಂದ C12ರವರೆಗೆ ಹತ್ತು ವರ್ಷದ ಉಳಿಕೆ ಇದ್ದರೆ ಮೊದಲ ಸಾಲು ಎನ್‌ಪಿವಿ ಕೊಡುತ್ತದೆ. F2ರಿಂದ F4ರಲ್ಲಿ ಸಂಭವನೀಯತೆ, G2ರಿಂದ G4ರಲ್ಲಿ ಮೂರು ಎನ್‌ಪಿವಿ ಇದ್ದರೆ ಎರಡನೆಯದು ಸರಾಸರಿ ಕೊಡುತ್ತದೆ.

```
=NPV(12%,C3:C12)+C2
=SUMPRODUCT(F2:F4,G2:G4)
```

ಬಂಡವಾಳವನ್ನು ಆವರಣದ ಹೊರಗೆ ಕೂಡಿಸಿದ್ದನ್ನು ಗಮನಿಸಿ. ಆ ಸೂತ್ರ ತನ್ನೊಳಗಿನ ಮೊದಲ ಮೊತ್ತವನ್ನು ಒಂದು ವರ್ಷದ ನಂತರದ್ದೆಂದು ತಿಳಿಯುತ್ತದೆ. C2ನ್ನೂ ಒಳಗೆ ಸೇರಿಸಿದರೆ ಇಂದೇ ಖರ್ಚಾಗುವ 6 ಕೋಟಿಯೂ ಒಂದು ವರ್ಷ ಮುಂದಕ್ಕೆ ಹೋಗಿ, ಉತ್ತರ ತಪ್ಪಾಗುತ್ತದೆ.

ಶೇಕಡಾ ಎಲ್ಲಿಂದ ಬಂತು?

ಇಡೀ ಲೆಕ್ಕದಲ್ಲಿ ಮೆತ್ತಗಿರುವ ಜಾಗ ಇದೇ. ಆವಕದ ಅಂಕಿ ಎಪಿಎಂಸಿಯಲ್ಲಿ ಸಿಗುತ್ತದೆ, ಬಾಡಿಗೆಯನ್ನು ಈಗಿರುವ ಘಟಕಗಳಲ್ಲಿ ಕೇಳಬಹುದು, ಕರೆಂಟಿನ ಖರ್ಚನ್ನು ಯಂತ್ರ ಮಾರುವವರೇ ಹೇಳುತ್ತಾರೆ. ಮುಂದಿನ ಹತ್ತು ವರ್ಷದಲ್ಲಿ ಪೈಪೋಟಿ ಹೆಚ್ಚುವ ಸಂಭವ ಶೇ 30 ಎಂದು ಮಾತ್ರ ಯಾವ ಕಡತದಲ್ಲೂ ಬರೆದಿರುವುದಿಲ್ಲ. ತಾಲ್ಲೂಕಿನಲ್ಲಿ ಎಷ್ಟು ಜನ ಇಂಥ ಘಟಕಕ್ಕೆ ಜಾಗ ಹುಡುಕುತ್ತಿದ್ದಾರೆ, ಹಿಂದೆ ಎದ್ದ ಘಟಕಗಳು ಎಷ್ಟು ವರ್ಷದಲ್ಲಿ ತುಂಬಿದವು, ದಲಾಲರು ಏನನ್ನುತ್ತಾರೆ ಎಂದು ವಿಚಾರಿಸಿ ಅಂದಾಜು ಮಾಡಬೇಕು. ಅನುಭವಸ್ಥರಾದ ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿದರೆ ಇನ್ನೂ ಒಳ್ಳೆಯದು. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ಅಂಕಿಗೇ ಎಲ್ಲರೂ ವಾಲುತ್ತಾರೆ.

ಅಂದಾಜು ಅಂದಾಜೇ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಜಾಣತನ: ಕೆಟ್ಟ ಸನ್ನಿವೇಶದ ಸಂಭವ ಎಷ್ಟಾದರೆ ಉತ್ತರ ಬದಲಾಗುತ್ತದೆ? ಮಧ್ಯಮವನ್ನು ಶೇ 50ಕ್ಕೆ ನಿಲ್ಲಿಸಿ ಉಳಿದ 50ನ್ನು ಎರಡು ಕಡೆ ಹಂಚಿ ನೋಡಿದರೆ ಆ ಗಡಿ ಶೇ 28ರ ಹತ್ತಿರ ಸಿಗುತ್ತದೆ. ಕೆಟ್ಟದ್ದು ಅದಕ್ಕಿಂತ ಮೇಲಿದ್ದರೆ ಸರಾಸರಿ ನಷ್ಟ, ಕೆಳಗಿದ್ದರೆ ಲಾಭ. ಎರಡೂ 25 ಆದರೆ ನಿರೀಕ್ಷಿತ ಎನ್‌ಪಿವಿ 19 ಲಕ್ಷ ಲಾಭಕ್ಕೆ ಜಿಗಿಯುತ್ತದೆ. ಶೇ 30 ಹೌದೋ 25 ಹೌದೋ ಎಂದು ಖಚಿತವಾಗಿ ಹೇಳುವವರು ಯಾರೂ ಇಲ್ಲ. ಐದು ಅಂಶದ ಅಂದಾಜಿನಲ್ಲಿ ಲಾಭ ನಷ್ಟವಾಗುವ ಯೋಜನೆಗೆ ‘ಕಟ್ಟಿ’ ಎಂದಾಗಲಿ ‘ಬಿಡಿ’ ಎಂದಾಗಲಿ ಈ ಲೆಕ್ಕದ ಬಲದಲ್ಲಿ ಹೇಳಲಾಗದು. ಅದನ್ನು ಬಿಚ್ಚಿ ತೋರಿಸಿದ್ದೇ ಈ ಲೆಕ್ಕದ ಪ್ರಯೋಜನ.

ಅಪಾಯವನ್ನು ಎರಡು ಸಲ ಎಣಿಸುವ ಅಭ್ಯಾಸವೂ ಕೆಲವರಿಗಿದೆ. ಕೆಟ್ಟ ಸನ್ನಿವೇಶದಲ್ಲಿ ಚೀಲ ಇಳಿಸಿ, ಬಾಡಿಗೆ ಇಳಿಸಿ, ಆಮೇಲೆ ‘ಅಪಾಯ ಜಾಸ್ತಿ’ ಎಂದು ಶೇ 12ರ ದರವನ್ನೂ 16ಕ್ಕೆ ಏರಿಸುತ್ತಾರೆ. ಪೈಪೋಟಿಯ ಪೆಟ್ಟು ಆಗಲೇ ಚೀಲದ ಲೆಕ್ಕದಲ್ಲಿ ಬಂದಿದೆ. ಮೂರೂ ಸನ್ನಿವೇಶಕ್ಕೆ ದರ ಒಂದೇ ಇರಬೇಕು.

ಅರ್ಧ ಕಟ್ಟಿದರೆ?

ಕೆಟ್ಟ ಸನ್ನಿವೇಶದ ನಷ್ಟ ಎಲ್ಲಿಂದ ಬರುತ್ತಿದೆ ಎಂದು ನೋಡಿದರೆ ಉತ್ತರ ಖಾಲಿ ಬಿದ್ದ 50 ಸಾವಿರ ಚೀಲದ ಜಾಗದಲ್ಲಿದೆ. ಹಾಗಾದರೆ ಮೊದಲು 50 ಸಾವಿರ ಚೀಲಕ್ಕೆ ಮಾತ್ರ ಕಟ್ಟಿ, ಎರಡು ಹಂಗಾಮು ನೋಡಿ, ಬೇಕೆನಿಸಿದರೆ ಎರಡನೇ ಭಾಗ ಕಟ್ಟಿದರೆ ಹೇಗೆ? ಅರ್ಧ ಕಟ್ಟಡಕ್ಕೆ ಅರ್ಧ ದುಡ್ಡಲ್ಲ. ರಸ್ತೆ, ಟ್ರಾನ್ಸ್‌ಫಾರ್ಮರ್, ಕಚೇರಿ ಎಲ್ಲ ಮೊದಲೇ ಬೇಕು. ಮೊದಲ ಹಂತಕ್ಕೆ 3.5 ಕೋಟಿ, ಮುಂದೆ ಎರಡನೇ ಹಂತಕ್ಕೆ 3 ಕೋಟಿ ಎಂದು ಹಿಡಿಯೋಣ. ಒಟ್ಟು ಲೆಕ್ಕದಲ್ಲಿ 50 ಲಕ್ಷ ಹೆಚ್ಚು. ಮೊದಲ ಹಂತದ ವರ್ಷದ ಖರ್ಚು 28 ಲಕ್ಷ.

ಕೆಟ್ಟ ಸನ್ನಿವೇಶದಲ್ಲಿ ಬರುವ 50 ಸಾವಿರ ಚೀಲಕ್ಕೆ ಇದು ಸರಿಹೋಗುತ್ತದೆ. ವರ್ಷಕ್ಕೆ 57 ಲಕ್ಷ ಉಳಿದು ಎನ್‌ಪಿವಿ 28 ಲಕ್ಷ ನಷ್ಟ. ಮೂರೂ ಕಾಲು ಕೋಟಿಯ ಹಳ್ಳ ಇಷ್ಟಕ್ಕೆ ಇಳಿಯಿತು. ಮಧ್ಯಮದಲ್ಲಿ ಕಟ್ಟಡ ತುಂಬಿ 25 ಸಾವಿರ ಚೀಲ ವಾಪಸು ಹೋಗುತ್ತವೆ. ಅಷ್ಟಕ್ಕಾಗಿ 3 ಕೋಟಿ ಹಾಕುವುದು ಗಿಟ್ಟುವುದಿಲ್ಲ, ಆದ್ದರಿಂದ ಎರಡನೇ ಹಂತ ಕಟ್ಟುವುದಿಲ್ಲ. ಆದರೂ ಎನ್‌ಪಿವಿ 57 ಲಕ್ಷ, ದೊಡ್ಡ ಕಟ್ಟಡದ 33 ಲಕ್ಷಕ್ಕಿಂತ ಹೆಚ್ಚು. ಒಳ್ಳೆಯ ಸನ್ನಿವೇಶದಲ್ಲಿ ಎರಡು ವರ್ಷದ ಕೊನೆಗೆ ಎರಡನೇ ಹಂತ ಕಟ್ಟುತ್ತಾರೆ. ಎರಡು ವರ್ಷದ ಗಿರಾಕಿ ಕೈತಪ್ಪಿದ್ದರಿಂದ, 50 ಲಕ್ಷ ಹೆಚ್ಚು ಖರ್ಚಾದ್ದರಿಂದ ಎನ್‌ಪಿವಿ 3.32 ಕೋಟಿಯಿಂದ 2.03 ಕೋಟಿಗೆ ಇಳಿಯುತ್ತದೆ.

ಅದೇ 20, 50, 30ರ ತೂಕ ಹಾಕಿದರೆ 40.6 ಮತ್ತು 28.5 ಕೂಡಿ 8.4 ಕಳೆದು ಸುಮಾರು 61 ಲಕ್ಷ ಲಾಭ. ಒಳ್ಳೆಯ ದಿನದ ಲಾಭದಲ್ಲಿ 1.29 ಕೋಟಿ ಬಿಟ್ಟುಕೊಟ್ಟು ಸರಾಸರಿಯನ್ನು 14 ಲಕ್ಷ ನಷ್ಟದಿಂದ 61 ಲಕ್ಷ ಲಾಭಕ್ಕೆ ತಂದಂತಾಯಿತು. ಶೇಕಡಾವಾರು ಅಂದಾಜು ಐದು ಹತ್ತು ಅಂಶ ಅತ್ತಿತ್ತ ಆದರೂ ಇಲ್ಲಿ ಲಾಭ ನಷ್ಟವಾಗುವುದಿಲ್ಲ. ಒಂದೇ ಊಹೆಯ ರಿಪೋರ್ಟಿನಲ್ಲಿ ಈ ದಾರಿ ಕಾಣುವುದೇ ಇಲ್ಲ, ಏಕೆಂದರೆ ಭವಿಷ್ಯ ಒಂದೇ ಎಂದು ಒಪ್ಪಿಕೊಂಡವರಿಗೆ ಕಾದು ನೋಡುವುದಕ್ಕೆ ಬೆಲೆಯೇ ಇರುವುದಿಲ್ಲ.

ಸರಾಸರಿ ಯಾರ ಕೈಗೂ ಬರುವುದಿಲ್ಲ

ಕೊನೆಯ ಮಾತು ಸಾಲದ ಬಗ್ಗೆ. 14 ಲಕ್ಷ ನಷ್ಟವಾಗಲಿ 61 ಲಕ್ಷ ಲಾಭವಾಗಲಿ ನಿಜದಲ್ಲಿ ಯಾರಿಗೂ ಆಗುವುದಿಲ್ಲ. ಆಗುವುದು ಮೂರರಲ್ಲಿ ಒಂದರ ಆಸುಪಾಸು. ನೂರಾರು ಘಟಕಗಳಿಗೆ ಸಾಲ ಕೊಟ್ಟ ಬ್ಯಾಂಕಿಗೆ ಸರಾಸರಿಯೇ ಮುಖ್ಯ, ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ. ಮನೆ, ಹೊಲ ಅಡವಿಟ್ಟು ಒಂದೇ ಘಟಕ ಕಟ್ಟಿದವರಿಗೆ ಎರಡನೇ ಆಟ ಇಲ್ಲ. ಅವರು ಸರಾಸರಿ ನೋಡಿದ ಮೇಲೆ ಕೆಟ್ಟ ಸನ್ನಿವೇಶವನ್ನು ಪ್ರತ್ಯೇಕವಾಗಿ ಎದುರಿಗಿಟ್ಟು ಒಂದೇ ಪ್ರಶ್ನೆ ಕೇಳಬೇಕು: ಆಗಲೂ ಕಂತು ಕಟ್ಟಬಲ್ಲೆನೇ?

6 ಕೋಟಿಯಲ್ಲಿ 4 ಕೋಟಿ ಸಾಲ, ಶೇ 10 ಬಡ್ಡಿ, ಎಂಟು ವರ್ಷ ಎಂದರೆ ವರ್ಷದ ಕಂತು ಸುಮಾರು 75 ಲಕ್ಷ. ಮಧ್ಯಮದಲ್ಲಿ ಉಳಿಯುವ 1.12 ಕೋಟಿಗೆ ಅದು ಭಾರವಲ್ಲ. ಕೆಟ್ಟದ್ದರಲ್ಲಿ ಉಳಿಯುವುದೇ 49 ಲಕ್ಷ. ವರ್ಷಕ್ಕೆ 26 ಲಕ್ಷ ಬೇರೆ ಕಡೆಯಿಂದ ತರಬೇಕು, ತರಲಾಗದಿದ್ದರೆ ಎರಡು ಮೂರು ವರ್ಷದಲ್ಲಿ ಸಾಲ ಸುಸ್ತಿಯಾಗುತ್ತದೆ. ಅರ್ಧ ಕಟ್ಟಡಕ್ಕೂ ಅದೇ ಪ್ರಮಾಣದಲ್ಲಿ, ಎಂದರೆ 2.33 ಕೋಟಿ, ಸಾಲ ತಂದರೆ ಕಂತು 44 ಲಕ್ಷ. ಕೆಟ್ಟದ್ದರಲ್ಲೂ 57 ಲಕ್ಷ ಉಳಿಯುವುದರಿಂದ ಕಂತು ಕಟ್ಟಿ ಜೀವ ಹಿಡಿದಿರಬಹುದು.

ಹೀಗಾಗಿ ಈ ಉದಾಹರಣೆಯ ಉತ್ತರ: ಒಂದು ಲಕ್ಷ ಚೀಲಕ್ಕೆ ಈಗಲೇ ಕಟ್ಟಬೇಡಿ, 50 ಸಾವಿರಕ್ಕೆ ಕಟ್ಟಿ, ಮುಂದಿನ ಭಾಗಕ್ಕೆ ಜಾಗ ಬಿಟ್ಟಿರಿ. ಎರಡನೇ ಹಂತದ ನಿರ್ಧಾರಕ್ಕೂ ಗೆರೆಯನ್ನು ಈಗಲೇ ಎಳೆದಿಡಬಹುದು. ಆ 3 ಕೋಟಿ ಉಳಿದ ಎಂಟು ವರ್ಷದಲ್ಲಿ ಶೇ 12ರಂತೆ ದುಡಿಯಬೇಕಾದರೆ ಹೊಸ ಚೇಂಬರುಗಳು ಖರ್ಚು ಕಳೆದು ವರ್ಷಕ್ಕೆ ಸುಮಾರು 60 ಲಕ್ಷ ತರಬೇಕು, ಅದಕ್ಕೆ 200 ರೂಪಾಯಿ ಬಾಡಿಗೆಯಲ್ಲಿ ಸುಮಾರು 38 ಸಾವಿರ ಚೀಲ ಬೇಕು. ಮೊದಲೆರಡು ಹಂಗಾಮಿನಲ್ಲಿ ಜಾಗವಿಲ್ಲವೆಂದು ವಾಪಸು ಕಳಿಸಿದ ಚೀಲಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಅದು 38 ಸಾವಿರ ದಾಟಿದ್ದರೆ ಕಟ್ಟಬಹುದು, 25 ಸಾವಿರದಲ್ಲೇ ನಿಂತಿದ್ದರೆ ಇದ್ದುದರಲ್ಲೇ ನಡೆಸಬಹುದು.